ತಾಪವೋ ದೋಷವೋ: ಕೇಂದ್ರ ರಸ್ತೆ ಸಾರಿಗೆ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೆ,

ವಿದ್ಯುತ್ ಕಾರನ್ನು ಇಟ್ಟುಕೊಂಡು ಕಲಬುರಗಿಯಂಥ ಊರಿನಲ್ಲಿ ವಾಸಿಸುವ ನನ್ನಂಥವನು ವಾಹನದ ಪರದೆಯ ಮೇಲೆ ಮೂಡುವ ಒಂದು ಪುಟ್ಟ ವಾಕ್ಯದ ವಿಷಯವಾಗಿ ತಮಗೆ ಬರೆಯುವುದು ಅತಿಯೆಂದು ತೋರಬಹುದು. ಆದರೆ ಆ ವಾಕ್ಯದ ಅಸ್ಪಷ್ಟತೆಯನ್ನು ನಿವಾರಿಸುವ ಅಧಿಕಾರ ತಮ್ಮ ಖಾತೆಗೇ ಸೇರಿರುವುದರಿಂದ ತಮ್ಮಲ್ಲಿಯೇ ಅರಿಕೆ ಮಾಡಿಕೊಳ್ಳಬೇಕಾಗಿದೆ.

ಕಳೆದ ಮೇ ತಿಂಗಳ ಒಂದು ಅಪರಾಹ್ಣ ಹೈದರಾಬಾದಿನಿಂದ ಮರಳುತ್ತ ಹುಮನಾಬಾದಿನ ಬಳಿ ವೇಗದ ಚಾರ್ಜರಿಗೆ ಕಾರನ್ನು ಜೋಡಿಸಿದೆನು. ಮೊದಲು 50 ಕಿಲೋವಾಟಿನಷ್ಟು ಹರಿಯುತ್ತಿದ್ದ ವಿದ್ಯುತ್ತು ಕಾಲುಗಂಟೆ ಕಳೆಯುವಷ್ಟರಲ್ಲಿ ಅರ್ಧಕ್ಕಿಂತಲೂ ಕೆಳಗಿಳಿಯಿತು. ಬ್ಯಾಟರಿ ಬಿಸಿಯಾಗಿದೆಯೆಂಬ ಎಚ್ಚರಿಕೆ ಕಾಣಿಸಿತು. ಅದರ ಬೆನ್ನಿಗೇ Service vehicle soon ಎಂಬ ಸಂದೇಶ ಬಂದು ನಿಂತಿತು. ನಿಲ್ಲಿಸಬೇಕೆ, ಮುಂದುವರಿಯಬಹುದೆ, ಕೆಟ್ಟಿರುವುದು ಯಾವುದು ಎಂಬ ಮೂರು ಪ್ರಶ್ನೆಗಳಲ್ಲಿ ಒಂದಕ್ಕೂ ಆ ಮೂರು ಪದಗಳಲ್ಲಿ ಉತ್ತರವಿರಲಿಲ್ಲ.

ಚಾರ್ಜಿನ ಕಾಲದಲ್ಲಿ ಬ್ಯಾಟರಿ ಕಾಯುವುದು ಸಹಜ. 350 ವೋಲ್ಟಿನ ಬ್ಯಾಟರಿಗೆ 50 ಕಿಲೋವಾಟ್ ತುಂಬಲು ಸುಮಾರು 143 ಆಂಪಿಯರ್ ಪ್ರವಾಹ ಬೇಕು. ಬ್ಯಾಟರಿಯ ಆಂತರಿಕ ರೋಧ 0.1 ಓಮ್ ಎಂದು ಭಾವಿಸಿದರೆ ಒಳಗೆ ಹುಟ್ಟುವ ತಾಪ ಎರಡು ಕಿಲೋವಾಟ್, ಎಂದರೆ ಸ್ನಾನದ ಗೀಜರ್ ಒಂದರ ಕಾವು. 250 ಕಿಲೋ ತೂಕದ ಬ್ಯಾಟರಿಯಿಂದ ಈ ತಾಪವನ್ನು ಹೊರಗೆ ಒಯ್ಯುವ ಏರ್ಪಾಡು ಇಲ್ಲದಿದ್ದರೆ ಅದರ ಉಷ್ಣತೆ ನಿಮಿಷಕ್ಕೆ ಹೆಚ್ಚುಕಡಿಮೆ ಅರ್ಧ ಡಿಗ್ರಿಯಂತೆ ಏರುತ್ತದೆ. ಹೆದ್ದಾರಿಯ ಓಟದಿಂದ ಮೊದಲೇ 41 ಡಿಗ್ರಿ ಮುಟ್ಟಿರುವ ಬ್ಯಾಟರಿ ಇಪ್ಪತ್ತು ನಿಮಿಷಗಳಲ್ಲಿ 51ನ್ನು ತಲಪುವುದು. ಪ್ರವಾಹವನ್ನು ಅರ್ಧಕ್ಕಿಳಿಸಿದರೆ ತಾಪವು ಕಾಲುಭಾಗಕ್ಕಿಳಿಯುವುದರಿಂದ, ಬ್ಯಾಟರಿಯ ನಿಯಂತ್ರಕವು ಅಪಾಯಕ್ಕೆ ಮುಂಚೆಯೇ ಚಾರ್ಜಿನ ವೇಗವನ್ನು ತಗ್ಗಿಸುವುದು ವಿವೇಕದ ಕ್ರಮವೇ ಹೊರತು ದೋಷವಲ್ಲ.

ಆದರೆ ಇದೇ ಲಕ್ಷಣವು ನಿಜವಾದ ದೋಷದಿಂದಲೂ ಉಂಟಾಗಬಲ್ಲುದು. ಬ್ಯಾಟರಿಯ ತಳದಲ್ಲಿ ಹರಿಯುವ ಶೀತಕ ದ್ರವವನ್ನು ಒಂದು ಪಂಪು ತಿರುಗಿಸುತ್ತದೆ. ಆ ದ್ರವವನ್ನು ತಣಿಸುವುದು ಅನೇಕ ಕಾರುಗಳಲ್ಲಿ ಒಳಗಿನ ಏಸಿಗೆ ಶೈತ್ಯವೀಯುವ ಅದೇ ಕಂಪ್ರೆಸರ್. ಉರಿಬಿಸಿಲಿನಲ್ಲಿ ಕುಟುಂಬವು ಕಾರಿನೊಳಗೆ ಏಸಿ ಹಾಕಿಕೊಂಡು ಕುಳಿತಿರುವಾಗ ಕಂಪ್ರೆಸರಿನ ಶಕ್ತಿಯು ಎರಡು ಕಡೆ ಹಂಚಿಹೋಗುವುದು ಒಂದು. ಪಂಪು ಸೋತಿರುವುದು, ದ್ರವ ಇಳಿದಿರುವುದು, ರೇಡಿಯೇಟರಿಗೆ ಧೂಳು ಕಟ್ಟಿರುವುದು ಇನ್ನೊಂದು. ಮೊದಲನೆಯದು ಸಂಜೆಯ ತಂಪಿಗೆ ತಾನೇ ಸರಿಹೋಗುವುದು, ಎರಡನೆಯದು ಹೋಗದು. ಪಕ್ಕದಲ್ಲಿ ನಿಂತ ಕಾರಿಗೂ ವೇಗ ಕುಗ್ಗಿದ್ದರೆ ಕಾದದ್ದು ಚಾರ್ಜರೇ ಎಂದು ಸಂದೇಹಿಸಬಹುದು. ಬೆಳಗಿನ ಜಾವ, ಮನೆಯ ನಿಧಾನದ ಚಾರ್ಜಿನಲ್ಲಿಯೂ ಎಚ್ಚರಿಕೆ ಮರುಕಳಿಸಿದರೆ ಬಿಸಿಲನ್ನು ದೂರುವುದಕ್ಕೆ ಕಾರಣವೇ ಉಳಿಯದು.

ನನ್ನ ಕಾರಿನಲ್ಲಿ ಅದು ಮರುಕಳಿಸಿತು. ಸರ್ವಿಸ್ ಸೆಂಟರಿನವರು ಸ್ಕ್ಯಾನರ್ ಜೋಡಿಸಿ, P0A7E ಎಂಬ ಸಂಕೇತವನ್ನು ನೋಡಿ, "ಬೇಸಿಗೆ ಸಾರ್, ಎಲ್ಲರಿಗೂ ಬರ್ತದ" ಎಂದು ಅದನ್ನು ಅಳಿಸಿ ಕಳಿಸಿದರು. ಬ್ಯಾಟರಿ ಅತಿಯಾಗಿ ಕಾದಿತ್ತೆಂಬುದಷ್ಟೇ ಆ ಸಂಕೇತದ ಅರ್ಥ. ಏಕೆ ಕಾಯಿತೆಂಬುದನ್ನು ಅದು ಹೇಳುವುದಿಲ್ಲ. ಸಂಕೇತವನ್ನು ಅಳಿಸುವುದರೊಂದಿಗೆ ಆ ಕ್ಷಣದಲ್ಲಿ ದಾಖಲಾಗಿದ್ದ ವಿವರಗಳೂ ಅಳಿಸಿಹೋಗಬಹುದಾದ್ದರಿಂದ, ಮುಂದಿನ ಪರೀಕ್ಷಕನಿಗೆ ಇದ್ದ ಆಧಾರವೂ ತಪ್ಪಿಹೋಗುತ್ತದೆ. ಮತ್ತೊಂದು ಸಲ ಒಯ್ದು ಹಠ ಹಿಡಿದ ಮೇಲೆ ಶೀತಕದ ಪಂಪು ದುರ್ಬಲವಾಗಿದ್ದುದು ಪತ್ತೆಯಾಯಿತು. ಹಠ ಹಿಡಿಯಲು ಬಿಡುವಿಲ್ಲದ ಮಾಲೀಕನ ಗತಿಯೇನು?

ಬ್ಯಾಟರಿಯೊಳಗೆ ಒಂದು ಕೋಶವು ಹತೋಟಿ ಮೀರಿ ಕಾದು ಬೆಂಕಿಯ ಭೀತಿಯುಂಟಾದಾಗ ಪ್ರಯಾಣಿಕರನ್ನು ಎಚ್ಚರಿಸಬೇಕೆಂದು ನಮ್ಮ ಎಐಎಸ್-038ರ ಪರಿಷ್ಕೃತ ಮಾನದಂಡವು ಈಗಾಗಲೇ ವಿಧಿಸಿದೆ. ದೋಷಯುಕ್ತ ವಾಹನಗಳನ್ನು ಹಿಂದಕ್ಕೆ ಕರೆಯಿಸುವ ಅಧಿಕಾರವನ್ನು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯು ಸರ್ಕಾರಕ್ಕೆ ಕೊಟ್ಟಿದೆ. ಆದರೆ ಸಂಕೇತ ಅಳಿಸಲ್ಪಡುತ್ತ ಹೋದರೆ ಒಂದೇ ಬಗೆಯ ಪಂಪು ನೂರಾರು ಕಾರುಗಳಲ್ಲಿ ಸೋಲುತ್ತಿದ್ದರೂ ಅದು ತಮ್ಮ ಕಚೇರಿಯ ಕಡತಕ್ಕೆ ಹೇಗೆ ಬಂದೀತು?

ಆದುದರಿಂದ ತಮ್ಮಲ್ಲಿ ಬೇಡುವುದಿಷ್ಟು: ಬಿಸಿಲಿನಿಂದಾಗಿ ಚಾರ್ಜಿನ ವೇಗ ತಗ್ಗಿಸಿದಾಗ ಹಾಗೆಂದೂ, ತಣಿಸುವ ವ್ಯವಸ್ಥೆಯೇ ಕೆಟ್ಟಾಗ ಹಾಗೆಂದೂ, ಪರದೆಯ ಮೇಲೆ ಬೇರೆ ಬೇರೆಯಾಗಿ, ಕನ್ನಡವೂ ಸೇರಿದಂತೆ ಮಾಲೀಕನು ಆರಿಸಿಕೊಂಡ ಭಾಷೆಯಲ್ಲಿ ಬರೆಯುವಂತೆ ತಯಾರಕರಿಗೆ ನಿಯಮ ವಿಧಿಸಬೇಕು, ಸರ್ವಿಸ್ ಸೆಂಟರು ಯಾವುದೇ ಸಂಕೇತವನ್ನು ಅಳಿಸುವ ಮುನ್ನ ಅದರ ಮುದ್ರಿತ ಪ್ರತಿಯನ್ನು ಮಾಲೀಕನ ಕೈಗೆ ಕೊಡಬೇಕು. ಮುಂದಿನ ಬೇಸಿಗೆಗೆ ಮೊದಲು ಈ ಎರಡು ನಿಯಮಗಳ ಕರಡನ್ನಾದರೂ ಸಾರ್ವಜನಿಕರ ಮುಂದಿಡಬೇಕೆಂದು ಪ್ರಾರ್ಥಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಕಲಬುರಗಿಯ ಒಬ್ಬ ವಾಹನ ಮಾಲೀಕ