ಯಾರ ಕೈಗೂ ಸಿಗದ ಸರಾಸರಿ

ನೌಕರರ ಭವಿಷ್ಯ ನಿಧಿಗೆ, ಅಂದರೆ ನಾವೆಲ್ಲ ಪಿಎಫ್ ಎಂದು ಕರೆಯುವ ಖಾತೆಗೆ, ಬಡ್ಡಿ ದರ ವರ್ಷವರ್ಷವೂ ಹೊಸದಾಗಿ ನಿಗದಿಯಾಗುತ್ತದೆ. 2019-20ರಲ್ಲಿ ಅದು ಶೇ. 8.5 ಇತ್ತು, ಮರುವರ್ಷವೂ ಅಷ್ಟೇ. 2021-22ರಲ್ಲಿ 8.1ಕ್ಕೆ ಇಳಿದು, ಮುಂದಿನ ವರ್ಷ 8.15, 2023-24ರಲ್ಲಿ 8.25 ಆಯಿತು. ಈ ಐದು ವರ್ಷಗಳಲ್ಲಿ ಸರಾಸರಿ ಎಷ್ಟು ಬಡ್ಡಿ ಬಂತು ಎಂದು ಕೇಳಿದರೆ ಯಾರಾದರೂ ಮಾಡುವುದು ಒಂದೇ ಲೆಕ್ಕ: ಐದನ್ನೂ ಕೂಡಿದರೆ 41.5, ಐದರಿಂದ ಭಾಗಿಸಿದರೆ 8.3. ಈ ಉತ್ತರ ಸರಿಯೇ ಎಂದು ನೋಡಲು ಖಾತೆಯಲ್ಲಿ ಮೊದಲೇ ಇದ್ದ ಒಂದು ಲಕ್ಷ ರೂಪಾಯಿಯನ್ನು ಹಿಡಿದು ಸಾಗೋಣ. ಮೊದಲ ವರ್ಷದ ಕೊನೆಗೆ ಅದು 1,08,500 ಆಗುತ್ತದೆ. ಎರಡನೆಯ ವರ್ಷದ ಬಡ್ಡಿ ಈ ಹೊಸ ಮೊತ್ತದ ಮೇಲೆ ಬೀಳುತ್ತದೆ. ಹೀಗೆ ಐದು ವರ್ಷ ನಡೆದರೆ ಗಂಟು 1,48,984 ರೂಪಾಯಿ. ಏರಿಳಿತವೇ ಇಲ್ಲದೆ ಪ್ರತಿ ವರ್ಷವೂ 8.3 ಸಿಕ್ಕಿದ್ದರೆ ಎಷ್ಟಾಗುತ್ತಿತ್ತು? 1,48,985. ಒಂದು ಲಕ್ಷಕ್ಕೆ ಐದು ವರ್ಷದಲ್ಲಿ ಒಂದು ರೂಪಾಯಿಗೂ ಕಡಿಮೆ ವ್ಯತ್ಯಾಸ. ಇಷ್ಟಕ್ಕೆ ತಕರಾರು ತೆಗೆಯುವವನನ್ನು ಜಿಪುಣ ಎಂದೇ ಕರೆಯಬೇಕಾದೀತು. ನನ್ನ ತಕರಾರು ಆ ಒಂದು ರೂಪಾಯಿಯ ಬಗ್ಗೆ ಅಲ್ಲ. ಕೂಡಿ ಭಾಗಿಸುವ ರೂಢಿ ಇಲ್ಲಿ ಸರಿಯುತ್ತರ ಕೊಟ್ಟದ್ದು ತನ್ನ ಗುಣದಿಂದಲ್ಲ, ಪಿಎಫ್ ದರಗಳು ಒಂದಕ್ಕೊಂದು ತೀರ ಹತ್ತಿರ ಇದ್ದವು ಎಂಬ ಕಾರಣದಿಂದ.

ದರಗಳು ದೂರ ದೂರ ಸರಿದಾಗ ಏನಾಗುತ್ತದೆ ಎಂಬುದಕ್ಕೆ ಮುಂಬಯಿ ಷೇರುಪೇಟೆಯ ಸೆನ್ಸೆಕ್ಸ್ ಒಂದು ಜೋಡಿ ವರ್ಷವನ್ನು ದಾಖಲಿಸಿ ಇಟ್ಟಿದೆ. 2007ರ ಕೊನೆಯಲ್ಲಿ ಸೂಚ್ಯಂಕ 20,286.99ರಲ್ಲಿತ್ತು. ಜಗತ್ತಿನ ಬ್ಯಾಂಕುಗಳು ತತ್ತರಿಸಿದ 2008ರ ಕೊನೆಗೆ ಅದು 9,647.31ಕ್ಕೆ ಬಿತ್ತು, ಅಂದರೆ ಶೇ. 52.45ರಷ್ಟು ಕುಸಿತ. 2009ರ ಕೊನೆಗೆ 17,464.81ಕ್ಕೆ ಏರಿತು, ಅಂದರೆ ಶೇ. 81.03ರಷ್ಟು ಜಿಗಿತ. ಎರಡನ್ನೂ ಕೂಡಿ ಅರ್ಧ ಮಾಡಿದರೆ ವರ್ಷಕ್ಕೆ ಸರಾಸರಿ ಶೇ. 14.29 ಗಳಿಕೆ. ಯಾವ ಠೇವಣಿಯೂ ಕೊಡದ ದರ! ಆದರೆ ಸೂಚ್ಯಂಕದ ಜೊತೆಜೊತೆಗೇ ನಡೆದ ಒಂದು ಲಕ್ಷ ರೂಪಾಯಿ, ಲಾಭಾಂಶದ ಮಾತು ಬಿಟ್ಟರೆ, ಎರಡು ವರ್ಷದ ಕೊನೆಗೆ 86,089 ಆಗಿತ್ತು. ಶೇ. 14.29ರ ಲೆಕ್ಕದಲ್ಲಿ ಅಲ್ಲಿ 1,30,600ಕ್ಕೂ ಹೆಚ್ಚು ಇರಬೇಕಾಗಿತ್ತು. ಯಾರೂ ಕದಿಯಲಿಲ್ಲ, ಯಾರೂ ಶುಲ್ಕ ಹಿಡಿಯಲಿಲ್ಲ, ಕೂಡುವುದರಲ್ಲಿ ತಪ್ಪೂ ಆಗಲಿಲ್ಲ. ಆದರೂ ನಲವತ್ನಾಲ್ಕು ಸಾವಿರ ರೂಪಾಯಿ ಕಾಣೆ. ತಪ್ಪು ಇರುವುದು ಕೂಡಿದ ವಸ್ತುವಿನಲ್ಲಿ. ಶೇ. 52ರ ನಷ್ಟ ಲಕ್ಷದ ಮೇಲೆ ಬಿದ್ದದ್ದು, ಶೇ. 81ರ ಲಾಭ ಉಳಿದ 47,554 ರೂಪಾಯಿಯ ಮೇಲೆ ಬಂದದ್ದು. ಎರಡು ಬೇರೆ ಬೇರೆ ಮೊತ್ತಗಳ ಶೇಕಡಾವಾರನ್ನು ಒಟ್ಟಿಗೆ ಕೂಡುವುದೆಂದರೆ ಒಂದು ಸೇರು ಭತ್ತವನ್ನೂ ಒಂದು ಪಾವು ಭತ್ತವನ್ನೂ ಎರಡು ಅಳತೆ ಎಂದು ಎಣಿಸಿದ ಹಾಗೆ.

ಉಳಿತಾಯದ ಗಂಟು ವರ್ಷದಿಂದ ವರ್ಷಕ್ಕೆ ಕೂಡಿಕೆಯಿಂದ ಬೆಳೆಯುವುದಿಲ್ಲ, ಗುಣಾಕಾರದಿಂದ ಬೆಳೆಯುತ್ತದೆ. ಶೇ. 8.5 ಎಂದರೆ ಇದ್ದದ್ದನ್ನು 1.085ರಿಂದ ಗುಣಿಸು ಎಂದು ಅರ್ಥ, ಶೇ. 52.45 ನಷ್ಟ ಎಂದರೆ 0.4755ರಿಂದ ಗುಣಿಸು ಎಂದು. ಹಾಗಾಗಿ ಸರಾಸರಿ ದರ ಎಂಬ ಮಾತಿಗೆ ನನ್ನ ಪ್ರಕಾರ ಒಂದೇ ಒಂದು ಅರ್ಥ ಉಳಿಯುತ್ತದೆ: ಪ್ರತಿ ವರ್ಷವೂ ಅದೊಂದೇ ದರ ಸಿಕ್ಕಿದ್ದರೆ ಹಣ ಈಗ ಎಲ್ಲಿದೆಯೋ ಸರಿಯಾಗಿ ಅಲ್ಲಿಗೇ ಬಂದು ನಿಲ್ಲಬೇಕು. ಅದನ್ನು ಕಂಡುಹಿಡಿಯಲು ಕೊನೆಯ ಮೊತ್ತವನ್ನು ಮೊದಲಿನ ಮೊತ್ತದಿಂದ ಭಾಗಿಸಿ, ಎಷ್ಟು ವರ್ಷವೋ ಅಷ್ಟನೆಯ ಮೂಲ ತೆಗೆದು, ಒಂದನ್ನು ಕಳೆಯಬೇಕು. ಸೆನ್ಸೆಕ್ಸಿನ ಎರಡು ವರ್ಷಕ್ಕೆ 0.86089ರ ವರ್ಗಮೂಲ 0.9278; ಅಂದರೆ ವರ್ಷಕ್ಕೆ ಶೇ. 7.22ರ ನಷ್ಟ. ಶಾಲೆಯ ಗಣಿತದಲ್ಲಿ ಗುಣೋತ್ತರ ಮಾಧ್ಯ ಎಂದು ಓದಿ ಮರೆತದ್ದು ಇದೇ. ಇದು ಕೂಡಿ ಭಾಗಿಸಿದ ಸರಾಸರಿಗಿಂತ ಎಂದೂ ಹೆಚ್ಚಾಗದು, ದರಗಳೆಲ್ಲ ಒಂದೇ ಆಗಿದ್ದರೆ ಮಾತ್ರ ಅದಕ್ಕೆ ಸಮ. ಅಂತರ ಬೆಳೆಯುವ ರೀತಿಯನ್ನು ಗಮನಿಸಬೇಕು. ಒಂದು ವರ್ಷ ಶೇ. 10 ಏರಿ ಮರುವರ್ಷ ಶೇ. 10 ಇಳಿದರೆ ನೂರು ರೂಪಾಯಿ 99 ಆಗುತ್ತದೆ, ಶೇ. 50 ಏರಿ ಶೇ. 50 ಇಳಿದರೆ 75 ಆಗುತ್ತದೆ. ಏರಿಳಿತ ಐದು ಪಟ್ಟಾದರೆ ನಷ್ಟ ಇಪ್ಪತ್ತೈದು ಪಟ್ಟು. ಪಿಎಫ್‌ನಲ್ಲಿ ದರಗಳು ಸರಾಸರಿಯಿಂದ ಶೇ. 0.2ಕ್ಕಿಂತ ಆಚೆ ಸರಿದದ್ದೇ ಇಲ್ಲ, ಅದಕ್ಕೇ ಅಲ್ಲಿ ಒಂದು ರೂಪಾಯಿ. ಸೆನ್ಸೆಕ್ಸಿನಲ್ಲಿ ದರಗಳು ಸರಾಸರಿಯಿಂದ ಶೇ. 66ಕ್ಕೂ ಹೆಚ್ಚು ದೂರ ಹೋಗಿದ್ದವು, ಅದಕ್ಕೇ ಅಲ್ಲಿ ನಲವತ್ನಾಲ್ಕು ಸಾವಿರ.

ಇದಕ್ಕೆ ಸಂಖ್ಯಾಶಾಸ್ತ್ರ ಬಲ್ಲವರಿಂದ ಗಟ್ಟಿಯಾದ ಆಕ್ಷೇಪವೊಂದು ಬರುತ್ತದೆ. ಮುಂದಿನ ವರ್ಷ ಎಷ್ಟು ನಿರೀಕ್ಷಿಸಬಹುದು ಎಂಬ ಪ್ರಶ್ನೆಗೆ ಕೂಡಿ ಭಾಗಿಸಿದ ಸರಾಸರಿಯೇ ಸರಿ, ಅದನ್ನು ತಪ್ಪು ಎನ್ನುವುದು ಅನ್ಯಾಯ ಎಂದು ಅವರು ಹೇಳುತ್ತಾರೆ. ಆ ಮಾತನ್ನು ಒಪ್ಪಲೇಬೇಕು, ಆದರೆ ಅದು ಏನನ್ನು ಹೇಳುತ್ತದೆ ಎಂದು ಬಿಡಿಸಿಯೂ ನೋಡಬೇಕು. ನಾಣ್ಯ ಚಿಮ್ಮಿದಂತೆ ಪ್ರತಿ ವರ್ಷವೂ ಒಂದೋ 2008, ಇಲ್ಲವೇ 2009 ಬರುತ್ತದೆ ಎಂದು ಕಲ್ಪಿಸಿಕೊಳ್ಳಿ. ಎರಡು ವರ್ಷಕ್ಕೆ ನಾಲ್ಕು ದಾರಿಗಳು, ದಾರಿಗೊಬ್ಬ ಉಳಿತಾಯಗಾರ, ಪ್ರತಿಯೊಬ್ಬನ ಬಳಿಯೂ ಒಂದು ಲಕ್ಷ. ಎರಡೂ ವರ್ಷ ಅದೃಷ್ಟ ಒಲಿದವನ ಹಣ ಸುಮಾರು 3,27,700 ಆಗುತ್ತದೆ. ಒಂದು ಏರು ಒಂದು ಇಳಿ ಕಂಡ ಇಬ್ಬರಿಗೂ ತಲಾ 86,089. ಎರಡೂ ವರ್ಷ ಕುಸಿತ ಕಂಡವನಿಗೆ ಉಳಿಯುವುದು 22,600. ನಾಲ್ವರ ಹಣವನ್ನೂ ಒಂದೇ ರಾಶಿ ಹಾಕಿ ನಾಲ್ಕು ಪಾಲು ಮಾಡಿದರೆ ತಲಾ ಸುಮಾರು 1,30,600 ಬರುತ್ತದೆ, ಅದು ಸರಿಯಾಗಿ ಶೇ. 14.29ರ ಚಕ್ರಬಡ್ಡಿಯೇ. ಆಕ್ಷೇಪ ಮಾಡಿದವರ ಗಣಿತ ನಿಜ. ಆದರೆ ಆ 1,30,600 ಸಿಕ್ಕವನು ನಾಲ್ವರಲ್ಲಿ ಒಬ್ಬನೂ ಇಲ್ಲ, ಮೂವರು ಅಸಲನ್ನೂ ಕಳೆದುಕೊಂಡಿದ್ದಾರೆ. ನಾಲ್ವರ ಹಣವನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ನಡೆಸುವ ಸಂಸ್ಥೆಗೆ ಆ ಅಂಕಿ ಉಪಯುಕ್ತ. ಒಂದೇ ದಾರಿಯಲ್ಲಿ ಒಮ್ಮೆ ಮಾತ್ರ ನಡೆಯುವ ಮನುಷ್ಯನಿಗೆ, ಅದರಲ್ಲೂ ಈಗಾಗಲೇ ನಡೆದು ಮುಗಿಸಿದ ವರ್ಷಗಳ ಬಗ್ಗೆ ಕೇಳುವವನಿಗೆ, ಅದು ಬೇರೆಯವರ ಜೇಬಿನ ಲೆಕ್ಕ. ಮ್ಯೂಚುವಲ್ ಫಂಡುಗಳು ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಗಳಿಕೆಯನ್ನು ಚಕ್ರಬಡ್ಡಿಯ ರೂಪದಲ್ಲೇ ತೋರಿಸಬೇಕು ಎಂದು ಸೆಬಿ ನಿಯಮ ಮಾಡಿರುವುದು ಸುಮ್ಮನೆ ಅಲ್ಲ.

ಕೂಡಿ ಭಾಗಿಸುವ ಚಟ ಇನ್ನೊಂದು ವೇಷದಲ್ಲೂ ಬರುತ್ತದೆ. ಶೇ. 7ರಂತೆ ಮೂರು ತಿಂಗಳಿಗೊಮ್ಮೆ ಬಡ್ಡಿ ಸೇರುವ ಐದು ವರ್ಷದ ಠೇವಣಿಯಲ್ಲಿ ಒಂದು ಲಕ್ಷ 1,41,478 ಆಗುತ್ತದೆ. ಬಂದ ಬಡ್ಡಿ 41,478ನ್ನು ಐದರಿಂದ ಭಾಗಿಸಿ ‘ವಾರ್ಷಿಕ ಇಳುವರಿ ಶೇ. 8.3’ ಎಂದು ದಪ್ಪಕ್ಷರದಲ್ಲಿ ಬರೆದುಬಿಡಬಹುದು. ಪಿಎಫ್‌ನ ಸರಾಸರಿಯೂ 8.3 ಆಗಿತ್ತಲ್ಲವೇ? ಒಂದೇ ಅಂಕಿ, ಆದರೆ ಅಲ್ಲಿ ಕೈಗೆ ಬಂದದ್ದು ಏಳೂವರೆ ಸಾವಿರ ಹೆಚ್ಚು. ಈ ಠೇವಣಿಯ ನಿಜವಾದ ವಾರ್ಷಿಕ ದರ ಶೇ. 7.19. ಅಂಕಿ ಸಾಚಾ ಹೌದೋ ಅಲ್ಲವೋ ಎಂದು ತಿಳಿಯಲು ದೊಡ್ಡ ವಿದ್ಯೆ ಬೇಡ. ಹೇಳಿದ ದರವನ್ನು ಅಷ್ಟೂ ವರ್ಷ ಚಕ್ರಬಡ್ಡಿ ಹಾಕಿ ನೋಡಿದಾಗ ಕೊನೆಯ ಮೊತ್ತ ಸಿಗದಿದ್ದರೆ ಆ ದರ ಸುಳ್ಳು. ಕಂಪ್ಯೂಟರಿನ ಲೆಕ್ಕದ ಹಾಳೆಯಲ್ಲಾದರೆ ಇಷ್ಟು ಬರೆದರೆ ಸಾಕು:

```
=(86089/100000)^(1/2)-1
```

ಅದೇ ಹಾಳೆಯಲ್ಲಿ GEOMEAN ಎಂಬ ಸಿದ್ಧ ಸೂತ್ರ ಇದೆಯೆಂದು ಬಡ್ಡಿ ದರಗಳನ್ನೇ ನೇರವಾಗಿ ಅದಕ್ಕೆ ಉಣಿಸುವವರಿದ್ದಾರೆ. ಶೇ. 4 ಮತ್ತು ಶೇ. 16 ಕೊಟ್ಟರೆ ಅದು 8 ಎನ್ನುತ್ತದೆ, ನಿಜವಾದ ಉತ್ತರ 9.84. ನಷ್ಟದ ವರ್ಷವೊಂದು ನಡುವೆ ಬಂದರಂತೂ ಬರೀ ದೋಷದ ಸಂದೇಶ. ಗುಣಿಸಬೇಕಾದದ್ದು 4 ಮತ್ತು 16ನ್ನಲ್ಲ, 1.04 ಮತ್ತು 1.16ನ್ನು.

ಇಲ್ಲಿಯವರೆಗೆ ಮಾತಾಡಿದ್ದು ಒಮ್ಮೆ ಇಟ್ಟು ಮುಟ್ಟದೆ ಬಿಟ್ಟ ಗಂಟಿನ ಬಗ್ಗೆ. ಸಂಬಳದಾರರ ಉಳಿತಾಯ ಹಾಗಿರುವುದಿಲ್ಲ, ಕಂತು ಕಂತಾಗಿ ಸೇರುತ್ತದೆ. ಹಾಗಿದ್ದಾಗ ನಿಮ್ಮ ಗುಣೋತ್ತರ ಮಾಧ್ಯವೂ ನಮಗೆ ಹೊಂದುವುದಿಲ್ಲ ಎಂದರೆ ಅದು ನಾನು ಪೂರ್ತಿ ಒಪ್ಪುವ ಆಕ್ಷೇಪ. ಒಂದೇ ಗಂಟಾದರೆ ದರಗಳು ಯಾವ ಕ್ರಮದಲ್ಲಿ ಬಂದರೂ ಗುಣಲಬ್ಧ ಅದೇ. ನಡುವೆ ಹೊಸ ಹಣ ಸೇರಿದರೆ ಕ್ರಮವೇ ಎಲ್ಲ. 2008ರ ಆರಂಭಕ್ಕೆ ಒಂದು ಲಕ್ಷ, 2009ರ ಆರಂಭಕ್ಕೆ ಇನ್ನೊಂದು ಲಕ್ಷ ಹಾಕಿದವನ ಕೈಗೆ ಕೊನೆಗೆ ಬಂದದ್ದು ಸುಮಾರು 2,67,100: ಹಳೆಯ ಲಕ್ಷ ಸವೆದು 86,089 ಆಗಿದ್ದರೂ, ಹೊಸದು ಜಿಗಿತದ ವರ್ಷಕ್ಕೆ ಸರಿಯಾಗಿ ಬಂದು 1,81,033 ಆಯಿತು. ಅವನ ಎರಡೂ ಕಂತಿಗೆ ಹೊಂದುವ ಒಂದೇ ದರವನ್ನು ಹುಡುಕಿದರೆ ವರ್ಷಕ್ಕೆ ಶೇ. 20.9ರ ಲಾಭ ಸಿಗುತ್ತದೆ. ಲೆಕ್ಕದ ಹಾಳೆಯ XIRR ಸೂತ್ರ ಹುಡುಕುವುದು ಈ ಬಗೆಯ ದರವನ್ನೇ. ಇದೇ ಎರಡು ವರ್ಷ ತಿರುಗುಮುರುಗಾಗಿ, ಮೊದಲು ಜಿಗಿತ ಆಮೇಲೆ ಕುಸಿತ ಬಂದಿದ್ದರೆ? ಹೆಚ್ಚು ಹಣ ಕೂಡಿದ ಹೊತ್ತಿಗೆ ಕುಸಿತ ಬಿದ್ದು, ಎರಡು ಲಕ್ಷದಲ್ಲಿ ಸುಮಾರು 1,33,600 ಮಾತ್ರ ಉಳಿಯುತ್ತಿತ್ತು. ದರ ವರ್ಷಕ್ಕೆ ಶೇ. 24ರ ನಷ್ಟ. ಎರಡೂ ಕಡೆ ಸೂಚ್ಯಂಕದ ಗಳಿಕೆ ಮಾತ್ರ ಅದೇ ಶೇ. 7.22ರ ನಷ್ಟ. ಹೀಗಾಗಿ ಫಂಡನ್ನು ನಡೆಸಿದವನ ಕೈಚಳಕ ಅಳೆಯಲು ಗುಣೋತ್ತರ ಮಾಧ್ಯ ಬೇಕು, ಕಂತು ಯಾವಾಗ ಬರಬೇಕೆಂದು ನಿರ್ಧರಿಸುವವನು ಅವನಲ್ಲವಲ್ಲ. ಕಂತು ಕಟ್ಟಿದವನು ತನ್ನ ಗಳಿಕೆ ತಿಳಿಯಲು ಪಾಸ್‌ಬುಕ್ಕಿನ ತಾರೀಖುಗಳನ್ನು ಎದುರಿಗಿಟ್ಟುಕೊಂಡೇ ಲೆಕ್ಕಕ್ಕೆ ಕೂರಬೇಕು. ಶೇ. 14.29 ಎಂಬ ಅಂಕಿ ಈ ಇಬ್ಬರಲ್ಲಿ ಯಾರ ಪ್ರಶ್ನೆಗೂ ಉತ್ತರವಲ್ಲ.