ಟೆಸ್ಟ್ ಡ್ರೈವ್ ಹೇಳದ್ದನ್ನ ಆ ಒಂದು ಹಾಳೆ ಹೇಳುತ್ತೆ

ಮಾಗಡಿ ಕಡೆಯ ನಮ್ಮ ಮಾವ ಕಳೆದ ವರ್ಷ ಕಾರು ತಗೊಂಡರು. ಸಣ್ಣ ಕಾರು, ಸಿಎನ್‌ಜಿ. ತಿಂಗಳಾಗಿರಲಿಲ್ಲ, ಫೋನ್ ಬಂತು. "ಮಗಾ, ಶೋರೂಮಲ್ಲಿ ಓಡಿಸಿದಾಗ ಗಾಡಿ ಚಿಗರೆ ಥರ ಇತ್ತು ಕಣೋ. ಈಗ ಮನೆಯವರನ್ನೆಲ್ಲ ಕೂರಿಸ್ಕೊಂಡು ಬನಶಂಕರಿಗೆ ಹೋದ್ರೆ, ನಾಯಂಡಹಳ್ಳಿ ಫ್ಲೈಓವರ್ ಹತ್ತೋಕೆ ಉಸಿರು ಬಿಡುತ್ತೆ. ಏನೋ ಕೆಟ್ಟಿರೋ ಗಾಡಿ ಕೊಟ್ಟವ್ರೆ."

ಬಸವೇಶ್ವರನಗರದಲ್ಲಿ ಗೊತ್ತಿರೋ ಮೆಕ್ಯಾನಿಕ್ ಹತ್ತಿರ ಕರ್ಕೊಂಡು ಹೋದೆ. ಅವರು ಒಂದು ರೌಂಡ್ ಓಡಿಸಿ, ಪ್ಲಗ್ಗು, ಕ್ಲಚ್ಚು, ಏರ್ ಫಿಲ್ಟರ್ ಎಲ್ಲ ನೋಡಿ, "ಗಾಡಿ ಚೆನ್ನಾಗೇ ಇದೆ ಸರ್" ಅಂದರು. ಹಾಗಾದರೆ ತಪ್ಪಾಗಿದ್ದು ಎಲ್ಲಿ? ಕೇಳ್ತಾ ಹೋದಾಗ ಗೊತ್ತಾಯ್ತು. ರಾಜಾಜಿನಗರದ ಶೋರೂಮಲ್ಲಿ ಅವತ್ತು ಸಿಎನ್‌ಜಿ ಗಾಡಿ ಇರಲಿಲ್ಲ, ಪೆಟ್ರೋಲ್‌ದು ಓಡಿಸೋಕೆ ಕೊಟ್ಟಿದ್ದರು. "ಎರಡೂ ಒಂದೇ ಎಂಜಿನ್ ಸರ್" ಅಂದಿದ್ದರು. ಮಾವ ಮತ್ತು ಸೇಲ್ಸ್ ಹುಡುಗ, ಇಬ್ಬರೇ, ಸಮತಟ್ಟಾದ ರಸ್ತೆಯಲ್ಲಿ ಹತ್ತು ನಿಮಿಷ. ಎಂಜಿನ್ ಒಂದೇ ಅನ್ನೋದು ಸುಳ್ಳಲ್ಲ. ಆದರೆ ಮಾವ ಓಡಿಸಿ ನೋಡಿದ್ದು ಒಂದು ಗಾಡಿ, ಮನೆಗೆ ತಂದಿದ್ದು ಇನ್ನೊಂದು.

ಇದು ಮೊದಲೇ ಗೊತ್ತಾಗಬಹುದಿತ್ತು. ಅವರ ಕೈಗೆ ಕೊಟ್ಟ ಬಣ್ಣದ ಪುಸ್ತಕದ ಕೊನೇ ಪುಟದಲ್ಲಿ ಚಿಕ್ಕ ಅಕ್ಷರದಲ್ಲಿ ಎಲ್ಲ ಅಂಕಿ ಇತ್ತು. ಅದೇ ಸ್ಪೆಸಿಫಿಕೇಶನ್ ಶೀಟ್. ನಾವು ಊರಿಂದ ಹೋದವರು "ಎಷ್ಟು ಮೈಲೇಜ್ ಕೊಡುತ್ತೆ, ಎಷ್ಟು ಡೌನ್ ಪೇಮೆಂಟ್" ಅಂತ ಕೇಳಿ ಎದ್ದು ಬರ್ತೀವಿ. ಆ ಪುಟದ ಮೂರು ಸಾಲು ಓದದೆ ಅಡ್ವಾನ್ಸ್ ಕೊಡಬಾರದು ಅನ್ನೋದು ನನ್ನ ವಾದ: ಪವರ್, ಟಾರ್ಕ್, ಕರ್ಬ್ ವೆಯ್ಟ್.

ಮೊದಲು ಟಾರ್ಕ್. ಎಂಜಿನ್ ತನ್ನ ಶಾಫ್ಟನ್ನು ಎಷ್ಟು ಬಲವಾಗಿ ತಿರುಗಿಸುತ್ತೆ ಅನ್ನೋದೇ ಟಾರ್ಕ್. ಟೈರ್ ಬೋಲ್ಟ್ ಬಿಚ್ಚುವಾಗ ಪಾನಾ ಮೇಲೆ ಹಾಕ್ತೀವಲ್ಲ, ಅದೇ ಥರದ ತಿರುಚುವ ಬಲ. ಇದನ್ನ ನ್ಯೂಟನ್ ಮೀಟರ್ ಅಂತ ಬರೀತಾರೆ. ಆ ಬಲದಲ್ಲಿ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತೆ ಅನ್ನೋದೂ ಸೇರಿದರೆ ಪವರ್ ಆಗುತ್ತೆ. ನಿಮಿಷದ ಸುತ್ತಿಗೇ ಆರ್‌ಪಿಎಂ ಅನ್ನೋದು. ಫೋನಿನ ಕ್ಯಾಲ್ಕುಲೇಟರಲ್ಲೇ ಲೆಕ್ಕ ಹಾಕಬಹುದು. ಟಾರ್ಕನ್ನ ಆರ್‌ಪಿಎಂನಿಂದ ಗುಣಿಸಿ, 7000ದಿಂದ ಭಾಗಿಸಿ. ಬರೋದು ಹೆಚ್ಚುಕಮ್ಮಿ ಪಿಎಸ್ ಲೆಕ್ಕದ ಪವರ್. ಕೆಲವು ಶೀಟಲ್ಲಿ ಕಿಲೋವ್ಯಾಟಲ್ಲಿ ಬರೆದಿರ್ತಾರೆ, ಅದನ್ನ 1.36ರಿಂದ ಗುಣಿಸಿದರೆ ಪಿಎಸ್ ಸಿಗುತ್ತೆ.

ನಮ್ಮೂರಿನ 40 ಎಚ್‌ಪಿ ಟ್ರ್ಯಾಕ್ಟರ್ ಕಬ್ಬಿನ ಟ್ರೈಲರ್ ಎಳೆಯುತ್ತೆ, 67 ಪಿಎಸ್ ಕಾರು ಎಳೆಯಲ್ಲ. ಯಾಕೆ? ಟ್ರ್ಯಾಕ್ಟರ್ ಎಂಜಿನ್ ತನ್ನ ಪವರನ್ನ ಎರಡು ಸಾವಿರ ಚಿಲ್ಲರೆ ಸುತ್ತಿನಲ್ಲೇ ಕೊಡುತ್ತೆ, ಮೇಲಾಗಿ ಅದರ ಗೇರು ಆ ಬಲವನ್ನ ಚಕ್ರಕ್ಕೆ ಹೋಗೋ ಹೊತ್ತಿಗೆ ಎಷ್ಟೋ ಪಟ್ಟು ಹೆಚ್ಚಿಸುತ್ತೆ. ಕಾರಿನ 67 ಪಿಎಸ್ ಸಿಗಬೇಕಾದರೆ ಎಂಜಿನ್ ಐದೂವರೆ ಸಾವಿರ ಸುತ್ತು ಕಿರುಚಬೇಕು. ವಿಜಯನಗರದ ಟ್ರಾಫಿಕ್ಕಲ್ಲಿ ಹಾಗೆ ಯಾರೂ ಓಡಿಸಲ್ಲ.

ಅದಕ್ಕೇ ಶೀಟಲ್ಲಿ ದೊಡ್ಡ ಅಂಕಿಗಿಂತ ಅದರ ಪಕ್ಕದ "@" ಗುರುತಿನ ನಂತರದ ಅಂಕಿ ಮುಖ್ಯ. ಅಷ್ಟು ಬಲ ಎಷ್ಟು ಆರ್‌ಪಿಎಂನಲ್ಲಿ ಸಿಗುತ್ತೆ ಅನ್ನೋದು ಅಲ್ಲಿರುತ್ತೆ. ಸೆಕೆಂಡ್ ಹ್ಯಾಂಡ್ ಮಾರ್ಕೆಟ್ಟಲ್ಲಿ ಈಗಲೂ ಸಿಗೋ 2018ರ ಸ್ವಿಫ್ಟ್ ನೋಡಿ. ಪೆಟ್ರೋಲ್‌ದು 83 ಪಿಎಸ್, ಡೀಸೆಲ್‌ದು 75 ಪಿಎಸ್. ಪವರ್ ಮಾತ್ರ ನೋಡಿದರೆ ಪೆಟ್ರೋಲೇ ಮೇಲು. ಆದರೆ ಪೆಟ್ರೋಲ್ ಟಾರ್ಕ್ 113, ಅದೂ 4200 ಆರ್‌ಪಿಎಂನಲ್ಲಿ. ಡೀಸೆಲ್ ಟಾರ್ಕ್ 190, ಬರೀ 2000 ಆರ್‌ಪಿಎಂನಲ್ಲಿ. 2000 ಸುತ್ತಿನಲ್ಲಿ ಲೆಕ್ಕ ಹಾಕಿ: ಡೀಸೆಲ್ ಆಗಲೇ 54 ಪಿಎಸ್ ಕೊಡ್ತಿರುತ್ತೆ, ಪೆಟ್ರೋಲ್ ಹೆಚ್ಚೆಂದರೆ 32. ಡೀಸೆಲ್ ಗಾಡಿಯ ಗೇರು ಉದ್ದ, ಹಾಗಾಗಿ ಈ ವ್ಯತ್ಯಾಸ ಪೂರ್ತಿ ಚಕ್ರಕ್ಕೆ ಇಳಿಯಲ್ಲ. ಆದರೂ ಜನ ತುಂಬಿದ ಡೀಸೆಲ್ ಸ್ವಿಫ್ಟ್ ಸಲೀಸಾಗಿ ಏರು ಹತ್ತುತ್ತಿದ್ದುದು ಇದಕ್ಕೇ.

ಈಗ ತೂಕ. ಕರ್ಬ್ ವೆಯ್ಟ್ ಅಂದರೆ ಆಯಿಲ್, ಇಂಧನ, ಸ್ಟೆಪ್ನಿ ಎಲ್ಲ ಸೇರಿ ಖಾಲಿ ನಿಂತ ಗಾಡಿಯ ತೂಕ. ಅದರಲ್ಲಿ ನೀವಿಲ್ಲ, ನಿಮ್ಮ ಮನೆಯವರಿಲ್ಲ, ಅಕ್ಕಿ ಮೂಟೆ ಇಲ್ಲ. ಅದನ್ನೆಲ್ಲ ನೀವೇ ಕೂಡಿಕೊಳ್ಳಬೇಕು. ಲೆಕ್ಕಕ್ಕೆ ನಮ್ಮ ಕಡೆ ತುಂಬ ಓಡೋ ವ್ಯಾಗನ್‌ಆರ್ ತಗೊಳ್ಳೋಣ, 2022ರ ನಂತರದ 1 ಲೀಟರ್ ಎಂಜಿನ್‌ದು. ಪೆಟ್ರೋಲ್‌ದು 67 ಪಿಎಸ್, 89 ನ್ಯೂಟನ್ ಮೀಟರ್, ಖಾಲಿ ತೂಕ ಸುಮಾರು 810 ಕೆಜಿ. ಸಿಎನ್‌ಜಿದು 57 ಪಿಎಸ್, 82 ನ್ಯೂಟನ್ ಮೀಟರ್, ಖಾಲಿ ತೂಕ ಸುಮಾರು 900 ಕೆಜಿ. ಎಂಜಿನ್ ಒಂದೇ. ಆದರೆ ಎಂಜಿನ್ ಒಳಗೆ ಗ್ಯಾಸ್ ಹೆಚ್ಚು ಜಾಗ ತಿನ್ನುತ್ತೆ, ಅಷ್ಟು ಗಾಳಿ ಕಮ್ಮಿ ಹೋಗುತ್ತೆ, ಬಲ ಕಮ್ಮಿಯಾಗುತ್ತೆ. ಸಿಲಿಂಡರ್ ಮತ್ತು ಅದನ್ನ ಹಿಡಿದಿಡೋ ಕಬ್ಬಿಣದ ತೂಕ ಬೇರೆ ಸೇರುತ್ತೆ.

ಮಾವನ ಥರ ಇಬ್ಬರು ಕೂತು ಪೆಟ್ರೋಲ್‌ದು ಓಡಿಸಿದಾಗ ತೂಕ 940 ಕೆಜಿ. ಪ್ರತಿ 100 ಕೆಜಿಗೆ 9.5 ನ್ಯೂಟನ್ ಮೀಟರ್ ಬಲ ಸಿಗ್ತಿತ್ತು. ಸಿಎನ್‌ಜಿ ಗಾಡಿಗೆ ಐದು ಜನ, ಒಂದೆರಡು ಬ್ಯಾಗು, ಒಟ್ಟು 350 ಕೆಜಿ ಹಾಕಿ. ಗಾಡಿ 1250 ಕೆಜಿ ಆಯ್ತು. ಈಗ ಪ್ರತಿ 100 ಕೆಜಿಗೆ ಸಿಗೋದು 6.6. ಹೆಚ್ಚುಕಮ್ಮಿ 30 ಪರ್ಸೆಂಟ್ ಕಮ್ಮಿ. ಟೆಸ್ಟ್ ಡ್ರೈವಲ್ಲಿ ಕಂಡ ಚುರುಕು ಎಲ್ಲಿ ಹೋಯ್ತು ಅನ್ನೋದಕ್ಕೆ ಉತ್ತರ ಇದೇ. ಪೆಟ್ರೋಲ್ ಗಾಡಿಗೂ ಅದೇ ಐದು ಜನರನ್ನ ತುಂಬಿದರೆ 7.7ಕ್ಕೆ ಇಳಿಯುತ್ತೆ. ಅಂದರೆ ಇಳಿಕೆಯಲ್ಲಿ ದೊಡ್ಡ ಪಾಲು ಜನರ ತೂಕದ್ದು, ಉಳಿದದ್ದು ಸಿಎನ್‌ಜಿದು.

ಏರಿನಲ್ಲಿ ಈ ತೂಕ ಇನ್ನೊಂದು ಥರ ಕಾಡುತ್ತೆ. 20 ಅಡಿ ಮುಂದಕ್ಕೆ ಹೋದರೆ 1 ಅಡಿ ಮೇಲೇರೋ ರಸ್ತೆ ಅಂದುಕೊಳ್ಳಿ. ಅಲ್ಲಿ ಗಾಡಿಯ ಇಪ್ಪತ್ತನೇ ಒಂದು ಭಾಗ ತೂಕ ಹಿಂದಕ್ಕೆ ಜಗ್ಗುತ್ತೆ. 940 ಕೆಜಿ ಗಾಡಿಗೆ 47 ಕೆಜಿ, 1250 ಕೆಜಿ ಗಾಡಿಗೆ 62 ಕೆಜಿ. ಇಡೀ ಏರಿನಲ್ಲಿ ಹಿಂದಿನಿಂದ ಯಾರೋ ಹಗ್ಗ ಕಟ್ಟಿ ಎಳೆದ ಹಾಗೆ.

ಇದರ ಜೊತೆಗೆ ಮಾವನ ಒಂದು ಅಭ್ಯಾಸವೂ ಸೇರಿಕೊಂಡಿತ್ತು. ಮೈಲೇಜ್ ಬರಲಿ ಅಂತ 30 ಕಿಲೋಮೀಟರ್ ವೇಗಕ್ಕೇ ಮೂರನೇ ಗೇರ್ ಹಾಕಿ ಫ್ಲೈಓವರ್ ಹತ್ತುತ್ತಿದ್ದರು. ಆಗ ಎಂಜಿನ್ ತಿರುಗೋದು ಒಂದೂವರೆ ಸಾವಿರದ ಆಸುಪಾಸು. 82ನ್ನ 1500ರಿಂದ ಗುಣಿಸಿ 7000ದಿಂದ ಭಾಗಿಸಿ: ಹೆಚ್ಚೆಂದರೆ 18 ಪಿಎಸ್. 57 ಪಿಎಸ್ ಗಾಡಿಯ ಮೂರನೇ ಒಂದು ಭಾಗವೂ ಕೆಲಸ ಮಾಡ್ತಿಲ್ಲ. ಅದೇ ಎಂಜಿನ್ 3400ಕ್ಕೆ ಹೋದರೆ 40 ಪಿಎಸ್. ಅದಕ್ಕೆ ದಾರಿ ಕೆಳಗಿನ ಗೇರ್ ಮಾತ್ರ. ಎಷ್ಟೋ ಕಡಿಮೆ ಬೆಲೆಯ ಮಾಡೆಲ್‌ಗಳಲ್ಲಿ ಆರ್‌ಪಿಎಂ ಮೀಟರ್ ಇರಲ್ಲ, ಕಿವಿಯನ್ನೇ ನಂಬಬೇಕು. ಆಕ್ಸಿಲರೇಟರ್ ಒತ್ತಿದರೂ ಸದ್ದು ಏರದೆ ಗಾಡಿ ನಡುಗಿದರೆ ಗೇರ್ ಮೇಲಿದೆ ಅಂತ. ಸದ್ದಿನ ಜೊತೆ ವೇಗವೂ ಏರಿದರೆ ಸರಿಯಿದೆ. ಗೇರ್ ಇಳಿಸಿದ ಮೇಲೂ, ಒಬ್ಬರೇ ಕೂತಾಗಲೂ ಎಳೆಯದಿದ್ದರೆ ಆಗ ಮೆಕ್ಯಾನಿಕ್ ಹತ್ತಿರ ಹೋಗಿ.

ಫ್ಲೈಓವರಲ್ಲಿ ನಿಧಾನವಾದರೆ ಹಿಂದಿನವರು ಹಾರ್ನ್ ಹೊಡೀತಾರೆ, ಅಷ್ಟೇ. ಆದರೆ ಊರಿನ ಕಡೆಯ ಎರಡು ಲೇನ್ ರಸ್ತೆಯಲ್ಲಿ ಮರಳು ಲಾರಿ ಓವರ್‌ಟೇಕ್ ಮಾಡುವಾಗ ಈ 30 ಪರ್ಸೆಂಟ್ ಹುಡುಗಾಟವಲ್ಲ. ಟೆಸ್ಟ್ ಡ್ರೈವಿನ ನೆನಪಿನಲ್ಲಿ "ಹೋಗುತ್ತೆ" ಅಂತ ಹೊರಗೆ ಬಂದರೆ ಎದುರಿಗೆ ಬಸ್ಸು ಬಂದಿರುತ್ತೆ. ತುಂಬಿದ ಗಾಡಿಗೆ ಹೆಚ್ಚು ದೂರ ಬೇಕು, ಎದುರು ರಸ್ತೆ ಅಷ್ಟು ದೂರ ಖಾಲಿ ಕಂಡರೆ ಮಾತ್ರ ಹೋಗಬೇಕು.

ಸಿಎನ್‌ಜಿ ಬೇಡ ಅಂತ ನಾನು ಹೇಳ್ತಿಲ್ಲ. ದಿನಾ ಮಾಗಡಿ ರೋಡಲ್ಲಿ ಒಬ್ಬರೋ ಇಬ್ಬರೋ ಓಡಾಡೋರಿಗೆ ಅದು ಉಳಿಸೋ ದುಡ್ಡು ದೊಡ್ಡದು. ಕಂಪನಿಯಿಂದಲೇ ಬಂದ ಸಿಎನ್‌ಜಿ ಗಾಡಿಯಲ್ಲಿ ಒಂದು ಸ್ವಿಚ್ ಇರುತ್ತೆ. ದೊಡ್ಡ ಏರು ಬಂದಾಗ ಪೆಟ್ರೋಲಿಗೆ ಹಾಕಿದರೆ ಕಳೆದುಹೋದ ಟಾರ್ಕ್ ವಾಪಸ್ ಬರುತ್ತೆ, ಸಿಲಿಂಡರ್ ತೂಕ ಮಾತ್ರ ಹಾಗೇ ಇರುತ್ತೆ. ಬೇಕಾದ್ದನ್ನ ಗೊತ್ತಿದ್ದು ಆರಿಸಿ, ಗೊತ್ತಿಲ್ಲದೆ ಅಲ್ಲ.

ಶೀಟೂ ಎಲ್ಲವನ್ನೂ ಹೇಳಲ್ಲ, ನಿಜ. ಅದರಲ್ಲಿರೋದು ಅತಿ ಹೆಚ್ಚಿನ ಅಂಕಿ ಮಾತ್ರ, ಕೆಳಗಿನ ಸುತ್ತಿನಲ್ಲಿ ಎಷ್ಟು ಬಲ ಅಂತ ಇರಲ್ಲ. ಟರ್ಬೊ ಇರೋ ಗಾಡಿ 1500ಕ್ಕಿಂತ ಕೆಳಗೆ ಮಂಕಾಗಿರಬಹುದು. ಗೇರು ಬೇರೆ ಬೇರೆ ಇರೋ ಎರಡು ಕಂಪನಿ ಗಾಡಿಗಳನ್ನ 100 ಕೆಜಿ ಲೆಕ್ಕದಲ್ಲಿ ಹೋಲಿಸಿದರೆ ಅಂದಾಜು ಮಾತ್ರ ಸಿಗುತ್ತೆ. ಅದಕ್ಕೇ ಶೀಟ್ ನೋಡಿದ ಮೇಲೆ ಓಡಿಸಲೇಬೇಕು, ಆದರೆ ನಿಮ್ಮ ಷರತ್ತಿನ ಮೇಲೆ. ಕೊಳ್ಳೋ ಮಾಡೆಲ್ಲನ್ನೇ, ಕೊಳ್ಳೋ ಇಂಧನದಲ್ಲೇ ಕೇಳಿ. ಮನೆಯವರನ್ನೆಲ್ಲ ಕರ್ಕೊಂಡು ಹೋಗಿ, ಎಸಿ ಹಾಕಿ, ವೆಸ್ಟ್ ಆಫ್ ಕಾರ್ಡ್ ರೋಡಿನ ಫ್ಲೈಓವರ್ ಹತ್ತಿಸಿ. ಐದಾರು ವರ್ಷ ಕಂತು ಕಟ್ಟೋದು ನೀವು, ಅರ್ಧ ಗಂಟೆ ಅವರು ಕಾಯಲಿ.

ಮಾವ ಈಗ ಫ್ಲೈಓವರ್ ಬುಡದಲ್ಲೇ ಎರಡನೇ ಗೇರಿಗೆ ಬರ್ತಾರೆ. ಗಾಡಿ ಬೈಯೋದು ನಿಲ್ಲಿಸಿದ್ದಾರೆ. ಮೊನ್ನೆ ಪಕ್ಕದ ಮನೆಯವರು ಕಾರು ನೋಡೋಕೆ ಕೆಂಗೇರಿಗೆ ಹೊರಟಾಗ ಅವರೇ ಕೂಗಿ ಹೇಳಿದರಂತೆ: "ಮೈಲೇಜ್ ಆಮೇಲೆ ಕೇಳು, ಮೊದ್ಲು ಖಾಲಿ ತೂಕ ಎಷ್ಟು ಅಂತ ಕೇಳು."