ಮಲ್ಲಮ್ಮನ ಮನೆಯ ಚಾಡಿಮಾತು

ಅಜ್ಜ-ಅಜ್ಜಿಯರೇ, ಮಕ್ಕಳೇ, ಈ ವಾರದ ಓದು ತುಂಬಿದ ಮನೆಗೆ ಸೊಸೆಯಾಗಿ ಬಂದು, ಅತ್ತೆ-ನೆಗೆಣ್ಣಿಯರ ನಡುವೆ ನೊಂದವಳಿಗಾಗಿ. ಅವಳನ್ನೂ ಹತ್ತಿರ ಕೂರಿಸಿಕೊಂಡು ಓದಿರಿ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಹಿರಿಯರಿಗೆ ಹೇಮರೆಡ್ಡಿ ಮಲ್ಲಮ್ಮ ಹೊಸಬಳಲ್ಲ. ಮೇ 10ರಂದು ಆಕೆಯ ಜಯಂತಿ. ಶ್ರೀಶೈಲದ ಸೀಮೆಯಲ್ಲಿ ಹುಟ್ಟಿ, ಸಿದ್ದಾಪುರದ ದೊಡ್ಡ ಮನೆಗೆ ಸೊಸೆಯಾಗಿ ಬಂದವಳು. ಗಂಡ ಭರಮರೆಡ್ಡಿ ಮುಗ್ಧ. ಮೈದುನ ವೇಮನ, ಮುಂದೆ ಯೋಗಿ ಎನಿಸಿಕೊಂಡವನು.

ಮಲ್ಲಮ್ಮ ದುಡಿಯುತ್ತಿದ್ದಳು, ಬಡವರಿಗೆ ಕೈಯೆತ್ತಿ ನೀಡುತ್ತಿದ್ದಳು. ನೆಗೆಣ್ಣಿಯರಿಗೆ ಹೊಟ್ಟೆಕಿಚ್ಚು. ಅವರು ಅತ್ತೆಯ ಕಿವಿಯೂದಿದರು. ಅತ್ತೆ ಸೊಸೆಯನ್ನು ಕರೆದು ಕೇಳಲೇ ಇಲ್ಲ. ಕೇಳಿದ್ದನ್ನೇ ನಂಬಿ ದನ ಕಾಯಲು ಕಾಡಿಗೆ ಅಟ್ಟಿದಳು. ಅಲ್ಲಿಗೂ ಚಾಡಿ ಬಿಡಲಿಲ್ಲ. ಮಲ್ಲಮ್ಮನ ನಡತೆಯ ಮೇಲೆಯೇ ಅಪವಾದ ಹೊರಿಸಿದರು. ಗಂಡ ಸಿಟ್ಟಿನಿಂದ ಆಯುಧ ಹಿಡಿದು ಕಾಡಿಗೆ ಹೋದ. ಅಲ್ಲಿ ಕಂಡದ್ದು ಶಿವಧ್ಯಾನದಲ್ಲಿ ಮೈಮರೆತ ಹೆಂಡತಿ. ಅವನ ಸಿಟ್ಟು ಇಳಿಯಿತು ಎನ್ನುತ್ತದೆ ಕಥೆ.

ಕಥೆ ತಿರುಗಿದ್ದು ಎಲ್ಲಿ ನೋಡಿ. ಕಿವಿಯಿಂದ ಕೇಳಿದವರೆಲ್ಲ ತಪ್ಪಿದರು. ಕಣ್ಣಾರೆ ಕಂಡವನಿಗೆ ನಿಜ ತಿಳಿಯಿತು.

ನಮ್ಮ ಮನೆಗಳಲ್ಲೂ ಹೀಗೆಯೇ. "ಇವತ್ತು ಪಲ್ಯಕ್ಕ ಉಪ್ಪು ಜಾಸ್ತಿ ಆಗೇತಿ" ಎಂದು ಅಜ್ಜಿ ಅನ್ನುತ್ತಾಳೆ. ಅದು ಪಡಸಾಲೆ ದಾಟುವಷ್ಟರಲ್ಲಿ "ನಿನಗ ಅಡಿಗಿ ಬರೂದಿಲ್ಲಂತ" ಎಂದಾಗುತ್ತದೆ. ಸೊಸೆ ಮುಖ ಗಂಟಿಕ್ಕುತ್ತಾಳೆ. "ನೋಡ್ರಿ, ನಿಮ್ಮ ಮ್ಯಾಲೆ ಸಿಟ್ಟಾಗ್ಯಾಳ" ಎಂಬ ಮಾತು ಅಜ್ಜಿಗೆ ವಾಪಸು ಬರುತ್ತದೆ. ಎಷ್ಟೋ ಸಲ ಈ ಮಾತು ಹೊತ್ತವರು ಮಕ್ಕಳೇ! ಮಕ್ಕಳೇ, ಊಟಕ್ಕೆ ಕರೆಯುವ ಮಾತು ಒಯ್ಯಿರಿ, ಸಿಟ್ಟಿನ ಮಾತು ಒಯ್ಯಬೇಡಿ.

ಸೊಸೆಯಾದವಳೇ, "ಹಾಗಂದರಂತೆ" ಎಂಬುದು ಕಿವಿಗೆ ಬಿದ್ದರೆ ಅದೇ ಕ್ಷಣ ಉತ್ತರ ಕೊಡಬೇಡ. ಸಂಜೆ ಕಾಳು ಹಸನು ಮಾಡುವಾಗ ಅತ್ತೆಯ ಹತ್ತಿರವೇ ಕೂತು, "ಅತ್ತಿ, ಪಲ್ಯ ಹ್ಯಾಂಗಾಗಿತ್ತ್ರಿ? ನಾಳೆ ಎಷ್ಟು ಉಪ್ಪು ಹಾಕ್ಲಿ?" ಎಂದು ಕೇಳು. ತಂದವರ ಹೆಸರು ಎತ್ತಬೇಡ. ಎತ್ತಿದರೆ ಜಗಳ ಮೂವರದಾಗುತ್ತದೆ. ಅತ್ತೆ ಉಪ್ಪಿನ ಮಾತಾಡಿದರೆ ನಡುವೆ ಬೆಳೆದದ್ದು ಚಾಡಿ ಎಂದು ತಿಳಿ. ಪಲ್ಯ ಬಿಟ್ಟು ನಿನ್ನ ತವರನ್ನು ಬೈದರೆ ನೋವು ಬೇರೆ ಎಲ್ಲೋ ಇದೆ. ಆಗ ಗಂಡನೂ ಕೂತು ಮಾತಾಡಬೇಕು.

ಆದರೆ ಹೊಡೆತ, ಉಪವಾಸ ಕೆಡುವುದು, ಹೊರಹಾಕುವುದು ಚಾಡಿಯ ಮಾತಲ್ಲ. ಮಲ್ಲಮ್ಮನನ್ನು ಕಾಡಿಗೆ ಅಟ್ಟಿದರು. ಇಂದು ಹಾಗೆ ಅಟ್ಟುವಂತಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಸೊಸೆಗೆ ತಾನು ಬಾಳುತ್ತಿರುವ ಮನೆಯಲ್ಲಿ ಇರುವ ಹಕ್ಕು ಕೊಟ್ಟಿದೆ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಬಹುದು.

ಅಜ್ಜಿಯರೇ, ಮಲ್ಲಮ್ಮನ ಅತ್ತೆ ಕೇಳದೇ ಬಿಟ್ಟ ಪ್ರಶ್ನೆಯನ್ನು ನೀವು ಕೇಳಿರಿ: "ಯವ್ವಾ, ನೀ ಖರೇನ ಏನಂದಿ?"